ಒಂದೇ ಫೋಟೋದಲ್ಲಿ ಎರಡು ಸಂದು

2024ರ ಮೇ ತಿಂಗಳ ಒಂದು ಭಾನುವಾರ ಸಂಜೆ ನನ್ನ ವಾಟ್ಸಾಪಿಗೆ ಒಂದು ಫೋಟೋ ಬಂತು. ಹಾಸನದ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಆಗಾಗ ಬರುವ ಒಬ್ಬ ತಾಯಿ ಕಳಿಸಿದ್ದರು. ಅವರ ಹೊಸ ಮನೆಯ ಗೃಹಪ್ರವೇಶದ ಫೋಟೋ. ಬಾಗಿಲ ತೋರಣದ ಕೆಳಗೆ ಎಂಟು ವರ್ಷದ ಮಗಳು ನಿಂತಿದ್ದಾಳೆ. ಪಕ್ಕದಲ್ಲಿ ಅವಳ ದೊಡ್ಡಮ್ಮ, ಅಂದರೆ ಈ ತಾಯಿಯ ಅಕ್ಕ. ಇಬ್ಬರೂ ಬಾಯಿ ತುಂಬ ನಗುತ್ತಿದ್ದಾರೆ. ಕೆಳಗೆ ಒಂದು ಸಾಲು: "ಮೇಡಂ, ಪಾಪುಗೆ ಮುಂದಿನ ಹಲ್ಲು ಬಿಟ್ಕೊಂಡಿದೆ ನೋಡಿ. ಬಂದೋರೆಲ್ಲ ಅದನ್ನೇ ಕೇಳ್ತಿದಾರೆ. ಕ್ಲಿಪ್ ಹಾಕಿಸ್ಬೇಕಾ?"

ಮಗುವಿನ ಹಲ್ಲು ನೋಡಿದೆ. ಗಾಬರಿಯಾಗುವಂಥದ್ದು ಏನೂ ಕಾಣಲಿಲ್ಲ. ಆದರೆ ಫೋಟೋ ದೊಡ್ಡದು ಮಾಡಿದಾಗ ಪಕ್ಕದಲ್ಲಿದ್ದ ದೊಡ್ಡಮ್ಮನ ನಗುವಿನ ಮೇಲೆ ಕಣ್ಣು ನಿಂತಿತು. ಅವರಿಗೂ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇತ್ತು. ಹೆಚ್ಚುಕಡಿಮೆ ಮಗುವಿನಷ್ಟೇ. ಅದರ ಬಗ್ಗೆ ಯಾರೂ ಕೇಳಿರಲಿಲ್ಲ. ನನಗೆ ಆ ರಾತ್ರಿ ನೆನಪಲ್ಲಿ ಉಳಿದಿದ್ದು ಅದೇ.

ಆ ಅಕ್ಕ ತಂಗಿ ಇಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ಹೆಸರಿಲ್ಲ.

ಮೊದಲ ಕೆಲಸ, ಬಂದ ಫೋಟೋ ನಂಬಬಹುದಾ ಅಂತ ನೋಡುವುದು. ಇದು ಸೆಲ್ಫಿ. ಕೈ ಚಾಚಿ ಹತ್ತಿರದಿಂದ ತೆಗೆದಿದ್ದು. ಹೀಗೆ ತೆಗೆದರೆ ಮುಖದ ನಡುವಿನ ಭಾಗ ಉಬ್ಬುತ್ತದೆ. ಮೂಗು ದೊಡ್ಡದಾಗುತ್ತದೆ, ಮುಂದಿನ ಹಲ್ಲು ಪಕ್ಕದ ಹಲ್ಲಿಗಿಂತ ಜಾಸ್ತಿ ಅಗಲ ಕಾಣುತ್ತದೆ. ಇನ್ನೊಂದು ವಿಷಯ, ದೊಡ್ಡಮ್ಮನ ಸೆರಗು ಬಲ ಹೆಗಲ ಮೇಲಿತ್ತು. ನಮ್ಮ ಕಡೆ ಸೆರಗು ಎಡ ಹೆಗಲಿಗೆ ಅಲ್ವಾ. ಅಂದರೆ ಫೋಟೋ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು. ಕೆಲವು ಫೋನಿನ ಮುಂದಿನ ಕ್ಯಾಮೆರಾ ಹಾಗೇ ಸೇವ್ ಮಾಡುತ್ತದೆ. ಗಮನಿಸದಿದ್ದರೆ ಎಡದ ಹಲ್ಲನ್ನು ಬಲದ್ದು ಅಂತ ಬರೆದುಬಿಡುತ್ತೇವೆ. ಸೆರಗಿಲ್ಲದ ಫೋಟೋದಲ್ಲಿ ನಾನು ಗಂಡಸರ ಶರ್ಟಿನ ಜೇಬು ನೋಡುತ್ತೇನೆ, ಅದು ಎಡಗಡೆ ಇರಬೇಕು. ಇಲ್ಲಾಂದ್ರೆ ಹಿಂದಿನ ಗೋಡೆಯ ಬೋರ್ಡಿನ ಅಕ್ಷರ ನೋಡುತ್ತೇನೆ.

"ಫೋಟೋಗ್ರಾಫರ್ ತೆಗೆದಿದ್ದು ಇದ್ದರೆ ಕಳಿಸಿ, ಡಾಕ್ಯುಮೆಂಟ್ ಅಂತ ಕಳಿಸಿ" ಅಂದೆ. ಹಾಗೆ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುವುದಿಲ್ಲ, ವಸಡಿನ ಅಂಚು ಚೂಪಾಗಿಯೇ ಉಳಿಯುತ್ತದೆ. ಮರುದಿನ ಅದು ಬಂತು. ಐದಾರು ಅಡಿ ದೂರದಿಂದ ತೆಗೆದ, ಮುಖ ನೇರವಾಗಿರುವ ಫೋಟೋ. ಸೆರಗು ಎಡ ಹೆಗಲ ಮೇಲೇ ಇತ್ತು.

ಹಲ್ಲಿನ ಫೋಟೋ ನೋಡಿ ಬರೆಯುವಾಗ ನಾನು ಒಂದು ರೂಢಿ ಇಟ್ಟುಕೊಂಡಿದ್ದೇನೆ. ಸೊಟ್ಟ, ಹಾಳಾಗಿದೆ, ಚೆನ್ನಾಗಿಲ್ಲ ಅನ್ನುವ ಮಾತು ಬರೆಯುವುದಿಲ್ಲ. ಕಂಡಿದ್ದನ್ನು ಕಂಡಷ್ಟೇ ಬರೆಯುತ್ತೇನೆ. ಸೊಟ್ಟ ಅಂತ ಬರೆದರೆ ಮುಂದಿನ ತಿಂಗಳು ಅದು ಇನ್ನೂ ಸೊಟ್ಟ ಆಯಿತಾ, ಕಮ್ಮಿ ಆಯಿತಾ ಅಂತ ಹೇಳಲು ಬರುವುದಿಲ್ಲ. ಮೊದಲು ತಲೆ ನೇರ ಇದೆಯಾ ಅಂತ ನೋಡುತ್ತೇನೆ. ಎರಡು ಕಣ್ಣಿನ ಪಾಪೆ ಸೇರಿಸಿ ಮನಸ್ಸಲ್ಲೇ ಒಂದು ಗೆರೆ ಎಳೆಯುತ್ತೇನೆ. ತಲೆ ವಾಲಿದ್ದರೆ ಹಲ್ಲಿನ ಸಾಲೂ ವಾಲಿದ ಹಾಗೆ ಕಾಣುತ್ತದೆ, ಅದು ಹಲ್ಲಿನ ತಪ್ಪಲ್ಲ. ಆಮೇಲೆ ತುಟಿ, ಆಮೇಲೆ ಎಷ್ಟು ಹಲ್ಲು ಕಾಣುತ್ತವೆ, ಆಮೇಲೆ ವಸಡು. ಕೊನೆಗೆ ಯಾವುದು ಕಾಣುತ್ತಿಲ್ಲ ಅಂತಲೂ ಬರೆಯುತ್ತೇನೆ. ಎಡ ಬಲ ಅಂದರೆ ಯಾವಾಗಲೂ ಫೋಟೋದಲ್ಲಿರುವವರ ಎಡ ಬಲ, ನೋಡುವವರದಲ್ಲ.

ದೊಡ್ಡಮ್ಮನ ಬಗ್ಗೆ ಅವತ್ತು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದು ಹೀಗಿತ್ತು:

"ತಲೆ ನೇರ. ತುಟಿ ತೆರೆದ ನಗು. ಮೇಲಿನ ಎಂಟು ಹಲ್ಲು ಕಾಣುತ್ತವೆ, ಕೆಳಗಿನ ಹಲ್ಲು ಕಾಣುವುದಿಲ್ಲ. ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು, ಒಂದು ಹಲ್ಲಿನ ಅಗಲದ ಕಾಲು ಭಾಗದಷ್ಟು. ಎಡಗಡೆಯ ಮುಂದಿನ ಹಲ್ಲಿನ ತುದಿ ಬಲಗಡೆಯದಕ್ಕಿಂತ ಕೆಳಗಿದೆ. ಅದೇ ಹಲ್ಲಿನ ಬುಡದಲ್ಲಿ ವಸಡು ಮೇಲೆ ಸರಿದಿದೆ. ಅದರಿಂದ ಆ ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣುತ್ತದೆ. ಅದರ ಆಚೆಯ ಹಲ್ಲಿಗೂ ಅದಕ್ಕೂ ನಡುವೆ, ವಸಡಿನ ಹತ್ತಿರ, ಸಣ್ಣ ಕಪ್ಪು ತ್ರಿಕೋನ. ಹಲ್ಲು ಮುಂದಕ್ಕೆ ಬಾಗಿದೆಯಾ ಅಂತ ಎದುರಿನ ಫೋಟೋದಿಂದ ಹೇಳಲಾಗದು. ಬಣ್ಣದ ಬಗ್ಗೆ ಏನೂ ಹೇಳಲಾಗದು, ಫ್ಲಾಶ್ ಮತ್ತು ಹಳದಿ ಗೋಡೆ."

ಬಣ್ಣದ ಮಾತು ಬಂದಿದ್ದರಿಂದ ಹೇಳುತ್ತೇನೆ. ಫೋಟೋ ನೋಡಿ ಹಲ್ಲು ಹಳದಿ ಅಂತ ತೀರ್ಮಾನ ಮಾಡುವವರು ಬಹಳ. ಹಳದಿ ಬಲ್ಬಿನ ಕೆಳಗೆ ಎಲ್ಲರ ಹಲ್ಲೂ ಹಳದಿ. ಒಂದೇ ಒಂದು ಹಲ್ಲು ಪಕ್ಕದವಕ್ಕಿಂತ ಬೂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನಾನು ಗಮನ ಕೊಡುತ್ತೇನೆ. ಅದು ಹಿಂದೆ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರುವ ಗುರುತು ಇರಬಹುದು. ಇವರಲ್ಲಿ ಹಾಗೇನೂ ಇರಲಿಲ್ಲ.

ಸಂದು ಎಷ್ಟು ಅಂತ ಅಳೆಯಲು ಒಂದು ಸುಲಭ ದಾರಿ ಇದೆ. ದೊಡ್ಡವರ ಮೇಲಿನ ಮುಂದಿನ ಹಲ್ಲು ಸುಮಾರು 8.5 ಮಿಲಿಮೀಟರ್ ಅಗಲ ಇರುತ್ತದೆ. ಅಲ್ಪಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಅಂದಾಜಿಗೆ ಸಾಕು. ಹಾಗಾಗಿ ಬಾಯಲ್ಲೇ ಒಂದು ಸ್ಕೇಲ್ ಇದ್ದ ಹಾಗೆ. ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ, ಒಂದು ಹಾಳೆಯ ಅಂಚು ಪರದೆಗೆ ಹಿಡಿದು ಹಲ್ಲಿನ ಅಗಲಕ್ಕೆ ಎರಡು ಗುರುತು ಹಾಕಿದೆ. ಸಂದಿಗೂ ಎರಡು ಗುರುತು. ಹಲ್ಲು 17 ಮಿಲಿಮೀಟರ್ ಬಂತು, ಸಂದು 4. ಅಂದರೆ ಪರದೆಯ ಮೇಲೆ ಎಲ್ಲವೂ ಎರಡು ಪಟ್ಟು ದೊಡ್ಡದು, ನಿಜವಾದ ಸಂದು ಸುಮಾರು 2 ಮಿಲಿಮೀಟರ್. ಹಲ್ಲು ತಿರುಚಿಕೊಂಡಿದ್ದರೆ ಅದರ ಅಗಲ ಕಮ್ಮಿ ಕಂಡು ಲೆಕ್ಕ ತಪ್ಪುತ್ತದೆ. ಹಾಗಾಗಿ ಇದು ಅಂದಾಜು ಮಾತ್ರ.

ಮಗುವಿನ ಸಂದನ್ನೂ ಹಾಗೇ ಅಳೆದೆ. ಒಂದೂವರೆ ಮಿಲಿಮೀಟರ್ ಹತ್ತಿರ ಬಂತು.

ಹತ್ತಿರ ಹತ್ತಿರ ಒಂದೇ ಅಳತೆಯ ಎರಡು ಸಂದು. ಅಳತೆ ಬಿಟ್ಟು ಬೇರೆ ವಿಷಯ ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ.

ಮಗುವಿನ ಮುಂದಿನ ಹಲ್ಲುಗಳ ತುದಿ ಗರಗಸದ ಹಾಗೆ ಸಣ್ಣ ಸಣ್ಣ ಮುಳ್ಳಾಗಿತ್ತು. ಅದು ಹೊಸದಾಗಿ ಬಂದ ಹಲ್ಲಿನ ಗುರುತು, ಕಚ್ಚುತ್ತಾ ಕಚ್ಚುತ್ತಾ ಸವೆದು ನೇರ ಆಗುತ್ತದೆ. ಅವಳ ಮುಖಕ್ಕೆ ಆ ಹಲ್ಲು ಬಹಳ ದೊಡ್ಡದು ಕಾಣುತ್ತಿತ್ತು. ಮನೆಯಲ್ಲಿ ಮೊಲದ ಹಲ್ಲು ಅಂತ ರೇಗಿಸುತ್ತಿದ್ದರಂತೆ. ಅದು ದೊಡ್ಡವರ ಹಲ್ಲು, ಅದರ ಅಳತೆ ಇನ್ನು ಬೆಳೆಯುವುದಿಲ್ಲ. ಬೆಳೆಯಬೇಕಾದದ್ದು ಸುತ್ತಲಿನ ಮುಖ. ಮಧ್ಯದ ಎರಡು, ಅವುಗಳ ಆಚೆ ಈಚೆಯ ಎರಡು, ಒಟ್ಟು ನಾಲ್ಕು ಹಲ್ಲು ಬೀಸಣಿಗೆಯ ಕಡ್ಡಿಯ ಹಾಗೆ ಹೊರಕ್ಕೆ ಚಾಚಿದ್ದವು. ಯಾಕೆಂದರೆ ಕೋರೆಹಲ್ಲು ಇನ್ನೂ ಮೇಲೆ ಮೂಳೆಯೊಳಗೆ ಇದೆ. ಅದು ಕೆಳಗಿಳಿಯುವಾಗ ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತದೆ. ಬೇರು ಒಳಗೆ ಸರಿದರೆ ಹಲ್ಲಿನ ತುದಿ ಹೊರಗೆ ಚಾಚುತ್ತದೆ. 11ರಿಂದ 13ರ ವಯಸ್ಸಿನಲ್ಲಿ ಮೇಲಿನ ಕೋರೆಹಲ್ಲು ಸಾಲಿಗೆ ಬಂದಾಗ ಈ ನಾಲ್ಕೂ ಹಲ್ಲು ಹತ್ತಿರ ಬರುತ್ತವೆ. 2 ಮಿಲಿಮೀಟರ್ ಒಳಗಿನ ಸಂದು ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಮುಚ್ಚುತ್ತದೆ. ಈಗಲೇ ತಂತಿ ಹಾಕಿ ಎಳೆದರೆ ಪಕ್ಕದ ಹಲ್ಲಿನ ಬೇರನ್ನು ಇಳಿಯುತ್ತಿರುವ ಕೋರೆಹಲ್ಲಿನ ದಾರಿಗೆ ತಳ್ಳಿದ ಹಾಗೆ ಆಗಬಹುದು. ಆಗ ಆ ಬೇರಿಗೇ ಏಟು.

ದೊಡ್ಡಮ್ಮನಿಗೆ 43 ವರ್ಷ. ಅವರ ಹಲ್ಲು ಸಾಲಿಗೆ ಬಂದು ಮೂವತ್ತು ವರ್ಷ ಆಗಿದೆ. ಆ ಸಂದು ಮುಚ್ಚಲು ಇಳಿದು ಬರುವ ಹಲ್ಲು ಯಾವುದೂ ಇಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಸಂದು ಮೊದಲಿಂದಲೂ ಇತ್ತಾ? ಚಿಕ್ಕಂದಿನಿಂದ ಹಾಗೇ ಇದ್ದು, ವಸಡು ಗಟ್ಟಿಯಾಗಿದ್ದರೆ ಅದು ಅವರ ನಗುವಿನ ಒಂದು ಗುರುತು ಅಷ್ಟೇ, ಯಾರೂ ಮುಟ್ಟಬೇಕಾಗಿಲ್ಲ. ನಮ್ಮ ಕಡೆ ಮುಂದಿನ ಹಲ್ಲು ಬಿಟ್ಟಿದ್ದರೆ ಅದೃಷ್ಟ ಅಂತಲೂ ಹೇಳುತ್ತಾರೆ. ಮಧ್ಯವಯಸ್ಸಿನಲ್ಲಿ ಹೊಸದಾಗಿ ಬಂದಿದ್ದರೆ ವಿಷಯವೇ ಬೇರೆ.

ಕೇಳದೆ ಇದ್ದವರ ಹಲ್ಲಿನ ಬಗ್ಗೆ ನಾನು ಹೇಗೆ ಮಾತಾಡುವುದು? ಸ್ವಲ್ಪ ಯೋಚಿಸಿದೆ. ತಂಗಿಗೆ ಹೇಳಿ ಸುದ್ದಿ ಮುಟ್ಟಿಸುವುದು ಸರಿ ಅನ್ನಿಸಲಿಲ್ಲ. "ನಿಮ್ಮಕ್ಕನ ಜೊತೆ ನಾನೇ ಒಂದು ಮಾತಾಡಬಹುದಾ" ಅಂತ ಕೇಳಿ ನಂಬರ್ ತಗೊಂಡೆ. ಅವರು ಇರುವುದು ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ, ಸ್ವಂತದ ಸಣ್ಣ ಕಾಫಿ ತೋಟ. ಫೋನಿನಲ್ಲಿ ಮೊದಲು ಸಂಕೋಚಪಟ್ಟರು.

"ಅಕ್ಕಾ, ಮುಂದಿನ ಹಲ್ಲಿನ ಸಂದು ಮೊದಲಿಂದಲೂ ಇತ್ತಾ?"

"ಇಲ್ಲ ಮೇಡಂ, ಮದುವೇಲಿ ಒತ್ತೊತ್ತಾಗೇ ಇತ್ತು. ಯಾವಾಗ ಬಿಟ್ಕೊಳ್ತೋ ಗೊತ್ತಿಲ್ಲ. ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು ಅಂದ್ಕೊಂಡೆ."

ಉಜ್ಜುವಾಗ ರಕ್ತ ಬರುತ್ತಾ ಅಂದೆ. ಬರುತ್ತೆ, ಅದಕ್ಕೇ ಆ ಜಾಗ ಉಜ್ಜೋದನ್ನೇ ಬಿಟ್ಟಿದೀನಿ ಅಂದರು. ನೋವು ಇಲ್ಲ. ಕಬ್ಬು ಕಚ್ಚುವುದಕ್ಕೆ ಭಯ ಆಗುತ್ತೆ, ಹಲ್ಲು ಅಲ್ಲಾಡಿದ ಹಾಗೆ ಆಗುತ್ತೆ ಅಂದರು. ನೋವಿಲ್ಲ ಅನ್ನುವ ಮಾತೇ ವಸಡಿನ ಕಾಯಿಲೆಯಲ್ಲಿ ಜನರನ್ನು ವರ್ಷಗಟ್ಟಲೆ ಮನೆಯಲ್ಲಿ ಕೂರಿಸುತ್ತದೆ. ಹುಳುಕು ಹಲ್ಲು ರಾತ್ರಿ ನಿದ್ದೆ ಕೊಡುವುದಿಲ್ಲ, ಅದಕ್ಕೆ ಬೆಳಗಾದರೆ ಡಾಕ್ಟರ್ ಹತ್ತಿರ ಓಡುತ್ತೇವೆ. ವಸಡಿನ ಕಾಯಿಲೆ ಸದ್ದಿಲ್ಲದೆ ಮೂಳೆ ತಿನ್ನುತ್ತದೆ.

"ಬರುವಾಗ ಹಳೇ ಫೋಟೋ ತನ್ನಿ. ನಕ್ಕಿರೋ ಫೋಟೋ" ಅಂದೆ.

ಒಂದು ವಾರದ ನಂತರ ತಂಗಿ, ಮಗು, ದೊಡ್ಡಮ್ಮ ಮೂವರೂ ಬಂದರು. ಕವರಿನಲ್ಲಿ ಐದಾರು ಫೋಟೋ ಇತ್ತು. ಆಧಾರ್ ಕಾರ್ಡೂ ತಂದಿದ್ದರು, ಅದರಲ್ಲಿ ಬಾಯಿ ಮುಚ್ಚಿತ್ತು, ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದಿದ್ದು ಎರಡು. ಒಂದು 2003ರ ಮದುವೆ ಆಲ್ಬಂನ ಹತ್ತಿರದ ಫೋಟೋ. ಮುಂದಿನ ಎರಡು ಹಲ್ಲು ಒಂದಕ್ಕೊಂದು ಅಂಟಿಕೊಂಡಿದ್ದವು, ತುದಿ ಎರಡೂ ಸಮ. ಇನ್ನೊಂದು 2018ರ ಫೆಬ್ರವರಿಯದು, ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗಿದ್ದಾಗ ತೆಗೆಸಿದ್ದು. ಭೂತಗನ್ನಡಿ ಹಿಡಿದು ನೋಡಿದರೆ ಹಲ್ಲಿನ ಮಧ್ಯೆ ಕೂದಲೆಳೆಯಷ್ಟು ಕಪ್ಪು ಗೆರೆ. ಎಡದ ಹಲ್ಲು ಆಗಲೇ ಒಂದು ಚೂರು ಕೆಳಗೆ. ಈಗ 2024ರಲ್ಲಿ 2 ಮಿಲಿಮೀಟರ್.

ಮೂರು ಫೋಟೋ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಅವರೇ ಬಗ್ಗಿ ನೋಡಿದರು. ಸೆರಗು ಬಾಯಿಗೆ ಹೋಯಿತು. "ಅಯ್ಯೋ, ಇಷ್ಟು ಬದಲಾಗಿದ್ಯಾ" ಅಂದರು. ಕನ್ನಡಿಯನ್ನು ದಿನಾ ನೋಡುವವರಿಗೆ ಇಂಥ ನಿಧಾನದ ಬದಲಾವಣೆ ಕಾಣುವುದಿಲ್ಲ. ಒಂದೇ ಫೋಟೋ ಕೂಡ ಇದನ್ನು ಹೇಳಲಾರದು. ಹಲ್ಲು ಸರಿದಿದೆ ಅಂತ ಹೇಳಿದ್ದು ಮೂರು ಫೋಟೋ ಸೇರಿ.

ಆದರೆ ಯಾಕೆ ಸರಿದಿದೆ ಅಂತ ಮೂರು ಫೋಟೋ ಸೇರಿದರೂ ಹೇಳಲಾರವು. ಅದಕ್ಕೆ ಬಾಯಿ ತೆರೆಯಬೇಕು.

ಹಲ್ಲಿಗೂ ವಸಡಿಗೂ ಮಧ್ಯೆ ಒಂದು ಸಣ್ಣ ಸೀಳು ಇರುತ್ತದೆ. ಅದರೊಳಗೆ ಮಿಲಿಮೀಟರ್ ಗುರುತಿರುವ ತೆಳ್ಳಗಿನ ಕಡ್ಡಿ ಇಳಿಸಿ ಆಳ ನೋಡುತ್ತೇವೆ. ಆರೋಗ್ಯದ ವಸಡಿನಲ್ಲಿ ಅದು 1ರಿಂದ 3 ಮಿಲಿಮೀಟರ್ ಇಳಿಯುತ್ತದೆ, ರಕ್ತ ಬರುವುದಿಲ್ಲ. ಅವರ ಎಡದ ಮುಂದಿನ ಹಲ್ಲಿನಲ್ಲಿ 7 ಇಳಿಯಿತು. ಕಡ್ಡಿ ತೆಗೆದ ಕೂಡಲೇ ರಕ್ತ ಬಂತು. ಪಕ್ಕದ ಹಲ್ಲಿನಲ್ಲಿ 5, ಹಿಂದಿನ ದವಡೆ ಹಲ್ಲುಗಳಲ್ಲಿ 5ರಿಂದ 6. ಮುಂದಿನ ಹಲ್ಲನ್ನು ಎರಡು ಉಪಕರಣದ ಹಿಡಿಗಳ ನಡುವೆ ಹಿಡಿದು ಅಲುಗಾಡಿಸಿದರೆ ಒಂದು ಮಿಲಿಮೀಟರಿನಷ್ಟು ಆಡಿತು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಪಾಚಿ ಗಟ್ಟಿಯಾಗಿ ಕಲ್ಲಿನ ಹಾಗೆ ಕೂತಿತ್ತು. ಆ ಹಲ್ಲುಗಳು ಫೋಟೋದಲ್ಲಿ ಕಂಡೇ ಇರಲಿಲ್ಲ. ಎಕ್ಸ್‌ರೇಯಲ್ಲಿ ಎಡದ ಮುಂದಿನ ಹಲ್ಲಿನ ಬೇರಿನ ಸುತ್ತ ಇರಬೇಕಾದ ಮೂಳೆ ಅರ್ಧದಷ್ಟು ಹೋಗಿತ್ತು. ಕೆಳಗಿನ ಎಡ ದವಡೆಯಲ್ಲಿ ಎರಡು ಹಲ್ಲು ಹಿಂದೆಯೇ ಕೀಳಿಸಿದ್ದರು, ಕಟ್ಟಿಸಿರಲಿಲ್ಲ. ಅಗಿಯುವ ಭಾರದಲ್ಲಿ ಒಂದು ಪಾಲು ಮುಂದಿನ ಹಲ್ಲಿಗೆ ಬೀಳುತ್ತಿತ್ತು.

ಹಲ್ಲು ಯಾಕೆ ಸರಿಯಿತು ಅಂತ ಅವರಿಗೆ ಹೇಳಲು ತೋಟದ ಮಾತೇ ಸಾಕಾಯಿತು. ಮಳೆಗೆ ಬೇಲಿ ಗೂಟದ ಬುಡದ ಮಣ್ಣು ಕೊಚ್ಚಿ ಹೋದರೆ ಗೂಟ ಏನಾಗುತ್ತೆ ಅಂತ ಕೇಳಿದೆ. "ತಂತಿ ಎಳೆದ ಕಡೆ ವಾಲುತ್ತೆ" ಅಂದರು. ಹಲ್ಲೂ ಹಾಗೇ. ಒಳಗಿನಿಂದ ನಾಲಿಗೆ ತಳ್ಳುತ್ತದೆ, ಹೊರಗಿನಿಂದ ತುಟಿ ತಡೆಯುತ್ತದೆ, ಕೆಳಗಿನ ಹಲ್ಲು ಕಚ್ಚಿದಾಗಲೆಲ್ಲ ಗುದ್ದುತ್ತದೆ. ಸುತ್ತ ಮೂಳೆ ಗಟ್ಟಿ ಇರುವಾಗ ಇವೆಲ್ಲ ಸಮ ಆಗಿ ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಮೂಳೆ ಕರಗಿದಾಗ ಅಷ್ಟೇ ಬಲಕ್ಕೆ ಹಲ್ಲು ಹೊರಕ್ಕೆ ವಾಲುತ್ತದೆ, ಕೆಳಗೂ ಇಳಿಯುತ್ತದೆ. ಫೋಟೋದಲ್ಲಿ ನಾನು "ಉದ್ದ ಕಾಣುತ್ತದೆ" ಅಂತ ಬರೆದಿದ್ದೆನಲ್ಲ, ಅದು ಇದೇ. ಹಲ್ಲು ಬೆಳೆದಿರಲಿಲ್ಲ. ವಸಡು ಮೇಲೆ ಹೋಗಿತ್ತು, ಹಲ್ಲು ಕೆಳಗೆ ಬಂದಿತ್ತು.

ಇನ್ನೊಂದು ಅನುಮಾನ ನನಗಿತ್ತು. 43ರ ವಯಸ್ಸು, ತಂಬಾಕಿಲ್ಲ, ಎಲೆ ಅಡಿಕೆ ಹಬ್ಬಕ್ಕೆ ಮಾತ್ರ. ಆದರೂ ಮೂಳೆ ಇಷ್ಟು ಹೋಗಿದೆ. ರಾತ್ರಿ ಎಷ್ಟು ಸಲ ಏಳ್ತೀರಿ ಅಂದೆ. ಮೂರು ನಾಲ್ಕು ಸಲ ಅಂದರು. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ 268. ಲ್ಯಾಬಿಗೆ ಕಳಿಸಿದ ಎಚ್‌ಬಿಎ1ಸಿ 9.1 ಬಂತು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಧುಮೇಹ ಅಂತ ಲೆಕ್ಕ. ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಕ್ಕರೆ ಹತೋಟಿ ಇಲ್ಲದಿದ್ದರೆ ವಸಡಿನ ಕಾಯಿಲೆ ಜೋರಾಗುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಸಕ್ಕರೆಯೂ ಇಳಿಯಲು ಸತಾಯಿಸುತ್ತದೆ. ಎರಡಕ್ಕೂ ಒಟ್ಟಿಗೇ ಮದ್ದು ಮಾಡಬೇಕು.

ನಗುವಿನ ಫೋಟೋ ನೋಡಿ ಸಕ್ಕರೆ ಕಾಯಿಲೆ ಹೇಳಬಹುದು ಅಂತ ಯಾರೂ ತಿಳಿಯಬಾರದು. ಫೋಟೋ ಹೇಳಿದ್ದು ಹಲ್ಲು ಸರಿದಿರಬಹುದು ಅಂತ ಮಾತ್ರ. ಮಿಕ್ಕಿದ್ದು ಕಡ್ಡಿ, ಎಕ್ಸ್‌ರೇ, ರಕ್ತ ಪರೀಕ್ಷೆ ಹೇಳಿದ್ದು.

ಅವರ ತಂಗಿ ಆಗ ಕೇಳಿದ್ದು ಸಹಜವಾದ ಪ್ರಶ್ನೆ: "ಹಂಗಾದ್ರೆ ಅಕ್ಕನಿಗೇ ಕ್ಲಿಪ್ ಹಾಕಿಬಿಡಿ, ಸಂದು ಮುಚ್ಚುತ್ತಲ್ಲ?" ಇದಕ್ಕೆ ನಾನು ಖಡಾಖಂಡಿತ ಇಲ್ಲ ಅಂದೆ. ತಂತಿ ಹಲ್ಲನ್ನು ಮೂಳೆಯೊಳಗೆ ನಡೆಸುತ್ತದೆ. ವಸಡಿನಲ್ಲಿ ಕೀವು, ಊತ ಇರುವಾಗ ಹಲ್ಲು ನಡೆಸಿದರೆ ಉಳಿದ ಮೂಳೆಯೂ ಬೇಗ ಬೇಗ ಹೋಗುತ್ತದೆ. ಸಂದು ಮುಚ್ಚಿರುತ್ತದೆ, ಹಲ್ಲು ಕೈಗೆ ಬರುತ್ತದೆ. ಫೋಟೋ ಕಳಿಸಿದರೆ ಹಲ್ಲು ಸರಿಸುವ ಪ್ಲಾಸ್ಟಿಕ್ ಅಲೈನರ್ ಮನೆಗೇ ಬರುತ್ತದೆ ಅನ್ನುವ ಜಾಹೀರಾತು ನೋಡಿದಾಗ ನನಗೆ ಇವರೇ ನೆನಪಾಗುತ್ತಾರೆ. ವಸಡಿಗೆ ಕಡ್ಡಿ ಇಳಿಸದೆ, ಎಕ್ಸ್‌ರೇ ತೆಗೆಯದೆ ದೊಡ್ಡವರ ಹಲ್ಲು ಸರಿಸಲು ಯಾರೂ ಒಪ್ಪಬಾರದು.

ಇನ್ನೊಂದು ಹೆದರಿಕೆ ಅವರದೇ ಆಗಿತ್ತು. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತಾರೆ, ಸಂದು ಜಾಸ್ತಿ ಆಗುತ್ತಂತೆ." ಈ ಮಾತು ನಾನು ಪ್ರತಿ ವಾರ ಕೇಳುತ್ತೇನೆ, ಇದರಲ್ಲಿ ಒಂದು ಎಳೆ ನಿಜ ಇದೆ. ಗಟ್ಟಿ ಪಾಚಿ ಸಂದಿಯಲ್ಲಿ ತುಂಬಿಕೊಂಡು ಹಲ್ಲುಗಳನ್ನು ಸಿಮೆಂಟಿನ ಹಾಗೆ ಹಿಡಿದಿರುತ್ತದೆ. ಅದು ತೆಗೆದಾಗ ಮುಚ್ಚಿಹೋಗಿದ್ದ ಸಂದು ಕಾಣುತ್ತದೆ. ಊದಿದ ವಸಡು ಇಳಿದು ಕಪ್ಪು ತ್ರಿಕೋನವೂ ಸ್ವಲ್ಪ ದೊಡ್ಡದಾಗಬಹುದು. ಮೂಳೆ ಹೋಗಿದ್ದು ಪಾಚಿಯಿಂದ, ಕ್ಲೀನಿಂಗಿನಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಜನ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ.

ಸಕ್ಕರೆಗೆ ಫಿಸಿಶಿಯನ್ ಹತ್ತಿರ ಕಳಿಸಿದೆ, ಮಾತ್ರೆ ಶುರುವಾಯಿತು. ಜೂನ್‌ನಲ್ಲಿ ಎರಡು ಸಲ ಕೂರಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಒಳಗೆ ಬೇರಿನ ಮೇಲಿದ್ದ ಪಾಚಿ ಕೆರೆದು ತೆಗೆದೆವು. ಮೇಲಿನಿಂದ ಸುಮ್ನೆ ಕ್ಲೀನ್ ಮಾಡುವುದು ಬೇರೆ, ಇದು ಬೇರೆ. ಮನೆಯಲ್ಲಿ ಸಂದಿಗೆ ಹಾಕುವ ಸಣ್ಣ ಬ್ರಷ್ ಕೊಟ್ಟೆ, ರಕ್ತ ಬರುವ ಜಾಗವನ್ನೇ ಮೊದಲು ಉಜ್ಜಬೇಕು ಅಂತ ಕನ್ನಡಿ ಹಿಡಿದು ತೋರಿಸಿದೆ. ಹಾಸನಕ್ಕೆ ಇಷ್ಟು ಸಲ ಬರುವುದು ಅವರಿಗೆ ಸುಲಭ ಇರಲಿಲ್ಲ. ಆ ಮಳೆಯಲ್ಲಿ ಒಂದು ಸಲ ಬಸ್ಸು ಸಿಗದೆ ವಾಪಸ್ ಹೋದರು, ಮುಂದಿನ ವಾರ ಬಂದರು.

ಮಗುವನ್ನೂ ಅವತ್ತೇ ನೋಡಿದ್ದೆ. ಮೇಲಿನ ತುಟಿ ಎತ್ತಿ ಎಳೆದಾಗ ಹಲ್ಲಿನ ಮಧ್ಯದ ವಸಡು ಬಿಳಿಚಿಕೊಳ್ಳುತ್ತಾ ಅಂತ ನೋಡಿದೆ, ಬಿಳಿಚಲಿಲ್ಲ. ಬಿಳಿಚಿದ್ದರೆ ತುಟಿಯ ಒಳಗಿನ ದಾರದಂಥ ಮಾಂಸ ಹಲ್ಲಿನ ಮಧ್ಯೆ ಇಳಿದಿದೆ ಅಂತ ಅನುಮಾನ ಪಡಬೇಕಿತ್ತು. ಆಚೆ ಈಚೆಯ ಎರಡೂ ಹಲ್ಲು ಬಂದಿದ್ದವು. ಹಲ್ಲು ಕಚ್ಚಿಸಿ ನೋಡಿದೆ, ಮೇಲಿನ ಹಲ್ಲು ಕೆಳಗಿನದರ ಮುಂದೆಯೇ ಕೂರುತ್ತಿತ್ತು. ಎಕ್ಸ್‌ರೇ ಬೇಡ ಅಂದೆ. ಹತ್ತು ವರ್ಷ ತುಂಬುವಾಗ ಕರೆದುಕೊಂಡು ಬನ್ನಿ, ಕೋರೆಹಲ್ಲಿನ ಉಬ್ಬು ವಸಡಿನ ಮೇಲೆ ಬೆರಳಿಗೆ ಸಿಗುತ್ತಾ ನೋಡೋಣ ಅಂದೆ. ಅಷ್ಟೇ.

ತಾಯಿ ಆಗ ಕೇಳಿದರು, ಹಾಗಾದರೆ ಮಕ್ಕಳ ಫೋಟೋದಲ್ಲಿ ಏನು ಕಂಡರೆ ಬರಬೇಕು? ನಾನು ಎರಡು ಮುಖ್ಯ ವಿಷಯ ಹೇಳಿದೆ. ಒಂದು ಬದಿಯ ಮುಂದಿನ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬಾರದಿದ್ದರೆ ಕಾಯಬೇಡಿ, ಮೇಲೆ ಹೆಚ್ಚಿನ ಹಲ್ಲೊಂದು ಅಡ್ಡ ಕೂತಿರಬಹುದು. ಎರಡನೆಯದು, ಹಲ್ಲು ಕಚ್ಚಿ ನಕ್ಕಾಗ ಮೇಲಿನ ಹಲ್ಲು ಕೆಳಗಿನದರ ಹಿಂದೆ ಹೋಗಿದ್ದರೆ ಆ ವಯಸ್ಸಿನಲ್ಲೇ ಸರಿ ಮಾಡುವುದು ಸುಲಭ. ಸಾಮಾನ್ಯ ನಗುವಿನ ಫೋಟೋದಲ್ಲಿ ಇದು ಕಾಣುವುದಿಲ್ಲ, ಕಚ್ಚಿ ತುಟಿ ಎತ್ತಿ ತೆಗೆಯಬೇಕು. ಏನೂ ಕಾಣದಿದ್ದರೂ ಏಳು ವರ್ಷದ ಹೊತ್ತಿಗೆ ಒಂದು ಸಲ ಹಲ್ಲಿನ ಸಾಲು ತೋರಿಸಿಬಿಡುವುದು ಒಳ್ಳೆಯದು.

ದೊಡ್ಡವರಿಗೆ ನಾನು ಹೇಳುವುದು ಬೇರೆ. ಹಿಂದೆ ಇಲ್ಲದ ಸಂದು ಈಗ ಇದ್ದರೆ, ಒಂದು ಹಲ್ಲು ಉದ್ದ ಆದ ಹಾಗೆ ಕಂಡರೆ, ಹೊಸದಾಗಿ ಹಲ್ಲು ಮುಂದೆ ಬಂದು ತುಟಿಗೆ ತಾಗುತ್ತಿದ್ದರೆ ಆ ತಿಂಗಳಲ್ಲೇ ತೋರಿಸಿ. ಜೊತೆಗೆ ರಕ್ತ, ಕೀವು, ಅಲುಗಾಟ ಇದ್ದರೆ ಆ ವಾರದಲ್ಲೇ. ಮುಖ ಊದಿ ಜ್ವರ ಬಂದರೆ ಅದೇ ದಿನ. ವಸಡಿನ ತಜ್ಞರು ಬೇಕಾದರೆ ಹಾಸನದಲ್ಲೇ ಹಾಸನಾಂಬ ಡೆಂಟಲ್ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಆಗಸ್ಟ್‌ನಲ್ಲಿ ಮತ್ತೆ ಅಳೆದೆವು. 7 ಇದ್ದ ಕಡೆ ಕಡ್ಡಿ 4 ಇಳಿಯಿತು, ರಕ್ತ ಬರಲಿಲ್ಲ. ಹಿಂದಿನ ದವಡೆ ಹಲ್ಲೊಂದರಲ್ಲಿ ಮಾತ್ರ ಇನ್ನೂ 5 ಇತ್ತು, ಅಲ್ಲಿ ಇನ್ನೊಮ್ಮೆ ಕೆರೆದೆವು. ಎಚ್‌ಬಿಎ1ಸಿ 7.4ಕ್ಕೆ ಇಳಿದಿತ್ತು. ಹೋದ ಮೂಳೆ ವಾಪಸ್ ಬಂದಿಲ್ಲ. ಅದು ಹೆಚ್ಚಿನ ಪಾಲು ಬರುವುದೂ ಇಲ್ಲ, ಇದನ್ನು ಅವರಿಗೆ ಮುಚ್ಚಿಟ್ಟಿಲ್ಲ.

ಅವತ್ತು ಅದೇ ದೂರದಲ್ಲಿ, ತಲೆ ನೇರ ಇಟ್ಟು ಇನ್ನೊಂದು ಫೋಟೋ ತೆಗೆದೆ. ಹಾಳೆಯ ಅಂಚಿಗೆ ಮತ್ತೆ ಗುರುತು ಹಾಕಿದೆ. ಹಲ್ಲು 17 ಬರುವಷ್ಟು ದೊಡ್ಡದು ಮಾಡಿದಾಗ ಸಂದು 3 ಬಂತು. ಅಂದರೆ ಒಂದೂವರೆ ಮಿಲಿಮೀಟರ್. ತಂತಿ ಇಲ್ಲ, ಏನೂ ಇಲ್ಲ. ವಸಡಿನ ಊತ ಇಳಿದಾಗ ಸ್ವಲ್ಪವೇ ಸರಿದಿದ್ದ ಹಲ್ಲು ಕೆಲವರಲ್ಲಿ ತಾನಾಗೇ ಒಂದಿಷ್ಟು ಹಿಂದೆ ಬರುತ್ತದೆ. ಎಲ್ಲರಲ್ಲೂ ಬರುವುದಿಲ್ಲ, ಪೂರ್ತಿ ಮುಚ್ಚುವುದು ಅಪರೂಪ. ಇವರಲ್ಲಿ ಬಂತು, ನನಗೂ ಖುಷಿಯಾಯಿತು.

ಉಳಿದ ಸಂದಿಗೆ ಏನು ಮಾಡುವುದು ಅಂತ 2025ರ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿದ ಮೇಲೆ ಮಾತಾಡಿದೆವು. ವಸಡು ಆರು ತಿಂಗಳು ಹದವಾಗಿ ನಿಂತಿತ್ತು. ಈಗ ತಂತಿ ಹಾಕಬಹುದು, ಬಹಳ ಕಡಿಮೆ ಎಳೆತದಲ್ಲಿ, ಮೂರು ತಿಂಗಳಿಗೊಮ್ಮೆ ವಸಡು ತೋರಿಸುತ್ತಾ. ಮುಗಿದ ಮೇಲೆ ಹಲ್ಲಿನ ಹಿಂದೆ ತೆಳು ತಂತಿ ಅಂಟಿಸಿ ಜೀವನಪೂರ್ತಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಲ್ಲು ಮತ್ತೆ ವಾಲುತ್ತದೆ. ಎಲ್ಲ ಕೇಳಿಸಿಕೊಂಡು, ಮೊದಲು ಹಿಂದಿನ ಎರಡು ಹಲ್ಲು ಕಟ್ಟಿಸ್ತೀನಿ, ಊಟ ಅಗಿಯೋಕೆ ಬೇಕು, ಮುಂದಿನದು ಆಮೇಲೆ ನೋಡೋಣ ಅಂದರು. ಅದು ಸರಿಯಾದ ಕ್ರಮವೂ ಹೌದು. ಹಿಂದೆ ಹಲ್ಲು ಕೂತರೆ ಮುಂದಿನದರ ಮೇಲೆ ಬೀಳುವ ಭಾರ ಕಮ್ಮಿ ಆಗುತ್ತದೆ.

ಹೋದ ತಿಂಗಳು ಅವರಿಂದ ಒಂದು ಫೋಟೋ ಬಂತು. ಅವರ ನಾದಿನಿಯದಂತೆ. ಜೊತೆಗೆ ಧ್ವನಿ ಸಂದೇಶ: "ಮೇಡಂ, ಇವಳ ಬಲಗಡೆ ಹಲ್ಲು ನೋಡಿ. ಅವಳ ಬಲಗಡೆ, ನಮ್ಮ ಬಲ ಅಲ್ಲ. ಸೆರಗು ಸರಿಯಾಗೇ ಇದೆ, ನೋಡಿದೀನಿ. ಆ ಹಲ್ಲು ಉದ್ದ ಆಗಿದೆ, ಹಳೇ ಫೋಟೋದಲ್ಲಿ ಹಂಗಿರ್ಲಿಲ್ಲ. ಬುಧವಾರ ಕರ್ಕೊಂಡು ಬರ್ಲಾ?"

ಬುಧವಾರ ಹತ್ತು ಗಂಟೆಗೆ ಬನ್ನಿ, ಹಳೇ ಫೋಟೋನೂ ತನ್ನಿ ಅಂತ ಬರೆದೆ.